ಮುಚ್ಚುವ ಮುನ್ನ ಹೇಳುವ ಮಾತು

ಮಂಗಳೂರಿನವರಿಗೆ ವಿಮಾನವೆಂದರೆ ವಿಲಾಸದ ವಸ್ತುವಲ್ಲ. ಕೊಲ್ಲಿ ದೇಶಗಳಲ್ಲಿ ದುಡಿಯುವ ಮಗ, ಮುಂಬಯಿಯಲ್ಲಿ ನೆಲೆಸಿದ ಮಗಳು, ಇವರ ಬರುಹೋಗುಗಳೆಲ್ಲ ಬಜಪೆಯ ಗುಡ್ಡದ ಮೇಲಿನ ನಿಲ್ದಾಣವನ್ನೇ ನಂಬಿವೆ. ಅಂಥ ನಿಲ್ದಾಣದ ರನ್‌ವೇಯನ್ನು 2023ರ ಜನವರಿ 27ರಿಂದ ಮೇ 31ರವರೆಗೆ, ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಆರರ ತನಕ ಮುಚ್ಚಲಾಗುವುದೆಂದು ಮುಂಚಿತವಾಗಿಯೇ ಪ್ರಕಟಿಸಲಾಯಿತು. ಕಾಂಕ್ರೀಟಿನ ಹಾಸಿಗೆಯ ಮೇಲೆ ಡಾಂಬರಿನ ಹೊದಿಕೆ ಹಾಕಬೇಕಾಗಿತ್ತು. ಭಾನುವಾರಗಳಲ್ಲಿಯೂ ರಾಷ್ಟ್ರೀಯ ರಜಾದಿನಗಳಲ್ಲಿಯೂ ಮಾತ್ರ ದಿನವಿಡೀ ಸಂಚಾರವುಂಟೆಂದೂ ತಿಳಿಸಲಾಯಿತು.

ಈ ಪ್ರಕಟಣೆಯಲ್ಲಿ ವಾಚಕರು ಗಮನಿಸತಕ್ಕ ಸಂಗತಿಗಳಿವೆ. ಮೊದಲನೆಯದು, ಕೊನೆಯ ದಿನಾಂಕ. ಕರಾವಳಿಯಲ್ಲಿ ಜೂನ್ ಕಾಲಿಟ್ಟಿತೆಂದರೆ ಮಳೆ. ಒದ್ದೆ ನೆಲದ ಮೇಲೆ ಬಿಸಿ ಡಾಂಬರು ಸರಿಯಾಗಿ ಅಂಟುವುದಿಲ್ಲ. ಮೇ ತಿಂಗಳ ಅಂತ್ಯವೆಂಬ ಗಡುವಿಗೆ ಮುಗಿಲೇ ಸಾಕ್ಷಿಯಾಗಿತ್ತು.

ಎರಡನೆಯದು, ದಿನಕ್ಕೆ ಎಂಟೂವರೆ ಗಂಟೆ ಏಕೆಂಬುದು. ಇಂದಿನ ದೊಡ್ಡ ವಿಮಾನಗಳು ಇಳಿಯುವುದಕ್ಕೆ ಇಲ್ಲಿರುವುದು 2,450 ಮೀಟರು ಉದ್ದದ ಒಂದೇ ರನ್‌ವೇ. ಪರ್ಯಾಯವಾಗಿ ಬಳಸಲು ಎರಡನೆಯದಿಲ್ಲ. ಆದುದರಿಂದ ಪ್ರತಿ ಸಂಜೆಯೂ ಅದನ್ನು ವಿಮಾನಗಳಿಗೆ ಮರಳಿ ಒಪ್ಪಿಸಲೇಬೇಕು. ಇಂಥ ಕೆಲಸದಲ್ಲಿ ಡಾಂಬರು ಹಾಸುವುದಕ್ಕೆ ದೊರೆಯುವುದು ಈ ಅವಧಿಯ ಒಂದು ಪಾಲು ಮಾತ್ರ. ಹಾಸಿದ್ದನ್ನು ರೋಲರಿನಿಂದ ಅದುಮಬೇಕು, ಅದು ತಣಿಯಬೇಕು. ಹೊಸ ಪದರವು ಹಳೆಯ ನೆಲವನ್ನು ಸೇರುವಲ್ಲಿ ಮೆಟ್ಟಿಲಿನಂತಾಗದೆ ಇಳಿಜಾರಾಗುವಂತೆ ಮಾಡಬೇಕು. ಒಂದೊಂದು ಜಲ್ಲಿಕಲ್ಲನ್ನೂ ಗುಡಿಸಿ ತೆಗೆಯಬೇಕು. ಎಂಜಿನ್ ಅದನ್ನು ಒಳಗೆಳೆದುಕೊಂಡರೆ ಅಪಾಯ. ಕಡೆಗೆ ದೀಪಗಳನ್ನೂ ನೆಲವನ್ನೂ ಪರೀಕ್ಷಿಸಬೇಕು. ಹಾಸುವ ಹೊತ್ತನ್ನಷ್ಟೇ ಲೆಕ್ಕ ಹಾಕಿ “ನಾಲ್ಕು ಗಂಟೆ ಸಾಕು” ಎಂದವನು ಪ್ರಯಾಣಿಕನನ್ನು ಸಂತೋಷಪಡಿಸಿದಂತೆ ಕಾಣಬಹುದು. ಆದರೆ ಮೊದಲ ದಿನವೇ ಅವನ ಮಾತು ತಪ್ಪುತ್ತದೆ.

ಮೂರನೆಯದಕ್ಕೆ ವಿಮಾನಯಾನದ ನಿಯಮವೊಂದನ್ನು ಅರಿಯಬೇಕು. ಇಂಥ ಅಡಚಣೆಗಳನ್ನು ಚಾಲಕರಿಗೆ ತಿಳಿಸುವ ಸೂಚನೆಗೆ ‘ನೋಟಾಮ್’ ಎಂದು ಹೆಸರು. ಅದರಲ್ಲಿ ವೇಳೆಯನ್ನು ಜಾಗತಿಕ ಕಾಲಮಾನದಲ್ಲಿ ಬರೆಯುತ್ತಾರೆ. ನಮ್ಮ ಒಂಬತ್ತೂವರೆ ಅಲ್ಲಿ 0400, ನಮ್ಮ ಸಂಜೆಯ ಆರು ಅಲ್ಲಿ 1230. ಮೂರು ತಿಂಗಳನ್ನು ಮೀರುವ ಅಡಚಣೆಯಾದರೆ ನೋಟಾಮ್ ಸಾಲದು, ಅದನ್ನು ಅಧಿಕೃತ ಕೈಪಿಡಿಯ ಪುರವಣಿಯಲ್ಲಿ ಪ್ರಕಟಿಸಬೇಕು. ಇದಕ್ಕಿಂತ ಸ್ವಾರಸ್ಯವಾದುದು ಮುಗಿಯುವ ವೇಳೆಯ ವಿಚಾರ. ಅದು ನಿಶ್ಚಿತವಾಗಿದ್ದರೆ ಬರಿಯ ಅಂಕಿಯನ್ನು ಕೊಡುತ್ತಾರೆ. ಅಂದಾಜಾಗಿದ್ದರೆ ಅಂಕಿಯ ಮುಂದೆ EST ಎಂದು ಬರೆಯಬೇಕು. ಹಾಗೆ ಬರೆದವರು ಆ ವೇಳೆ ಕಳೆಯುವುದರೊಳಗೆ ಸೂಚನೆಯನ್ನು ರದ್ದುಪಡಿಸಬೇಕು, ಇಲ್ಲವೆ ಹೊಸದನ್ನು ಹೊರಡಿಸಬೇಕು. ಅದು ತಾನಾಗಿ ಮುಗಿಯುವುದಿಲ್ಲ. “ನನಗೆ ಖಚಿತವಿಲ್ಲ” ಎನ್ನುವುದಕ್ಕೆ ಮೂರೇ ಅಕ್ಷರ. ಆದರೆ ಆ ಮೂರಕ್ಷರ ಬರೆದವನ ಮೇಲೆ ಮತ್ತೆ ಬಂದು ತಿಳಿಸುವ ಹೊಣೆ ಬೀಳುತ್ತದೆ.

ಇನ್ನು ಪ್ರಯಾಣಿಕನ ಪಾಡು. ಬೆಂಗಳೂರಿನಲ್ಲಿ ಮಧ್ಯಾಹ್ನದ ಕೆಲಸವಿರುವವನು ಅಂಥ ದಿನಗಳಲ್ಲಿ ಒಂಬತ್ತೂವರೆಗೆ ಮೊದಲೇ ಹೊರಡುವ ವಿಮಾನವನ್ನು ಹಿಡಿಯಬೇಕು. ಇಲ್ಲವೆ ಹಿಂದಿನ ರಾತ್ರಿಯ ರೈಲನ್ನೋ ಬಸ್ಸನ್ನೋ ನಂಬಬೇಕು. ಹೊರದೇಶದಿಂದ ಬರುವವರಿಗೆ 2018ರಲ್ಲಿ ತೆರೆದ ಕಣ್ಣೂರಿನ ನಿಲ್ದಾಣವೂ ಉಂಟು. ಇಲ್ಲಿ ಎಚ್ಚರ ಬೇಕಾದುದು ಅಂಚಿನ ವೇಳೆಗಳಲ್ಲಿ. ಒಂಬತ್ತೂಕಾಲಿಗೆ ಇಳಿಯಬೇಕಾದ ವಿಮಾನಕ್ಕೆ ಉಳಿದಿರುವುದು ಕಾಲು ಗಂಟೆ ಮಾತ್ರ. ಹೊರಟ ಊರಿನಲ್ಲಿ ಅರ್ಧ ಗಂಟೆ ತಡವಾಯಿತೋ, ರನ್‌ವೇ ಮುಚ್ಚಿರುತ್ತದೆ. ವಿಮಾನವು ಬೇರೊಂದು ಊರಿಗೆ ತಿರುಗಬೇಕಾಗುತ್ತದೆ. ಎಂಟು ಗಂಟೆಗೆ ಇಳಿಯುವ ವಿಮಾನದಲ್ಲಿ ಅದೇ ಅರ್ಧ ಗಂಟೆಯ ವಿಳಂಬವು ಬರಿಯ ಬೇಸರದಲ್ಲಿ ಮುಗಿಯುತ್ತದೆ. “ಬೆಳಗ್ಗೆ ವಿಮಾನಗಳುಂಟು” ಎಂದಷ್ಟೇ ಹೇಳುವ ಟಿಕೇಟಿನವನು ಸುಳ್ಳು ಹೇಳಿದಂತಾಗಲಿಲ್ಲ, ನಿಜ. ಆದರೆ ಗಿರಾಕಿಗೆ ಬೇಕಾದ ಮಾತನ್ನು ಅವನು ಹೇಳಲಿಲ್ಲ.

ನಾಳೆ ನಿಮ್ಮ ಮನೆಗೆ ನೀರು ಬಾರದೆಂದೋ ವಿದ್ಯುತ್ತು ಇರದೆಂದೋ ಪತ್ರಿಕೆಯಲ್ಲಿ ಓದಿದಾಗ ಇದೇ ಅಳತೆಗೋಲನ್ನು ಹಿಡಿದು ನೋಡಬಹುದು. ಮುಗಿಯುವ ವೇಳೆ ನಿಶ್ಚಿತವೋ ಅಂದಾಜೋ? ಅಂದಾಜಾದರೆ ಮತ್ತೆ ತಿಳಿಸುವವರು ಯಾರು? ಅಷ್ಟರವರೆಗೆ ತೆರೆದಿರುವ ದಾರಿ ಯಾವುದು, ಅದರ ಅಂಚು ಎಲ್ಲಿದೆ? “ತಾಂತ್ರಿಕ ಕಾರಣಗಳಿಂದ, ಮುಂದಿನ ಸೂಚನೆಯವರೆಗೆ” ಎಂಬ ಒಕ್ಕಣೆ ಇದರಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ. ಅಂಥದನ್ನು ಓದಿದವರು ಕೊಡಪಾನಗಳನ್ನೆಲ್ಲ ತುಂಬಿಸಿಟ್ಟುಕೊಳ್ಳುವುದೇ ಲೇಸು.