ಬೆಕ್ಕು, ಕೋತಿ ಮತ್ತು ಸಮಾಂತರ ಚತುರ್ಭುಜ



ನಿಮ್ಮಲ್ಲಿ ಹಲವರು ಈಗ ಶಿಕ್ಷಕರು. ಇನ್ನು ಕೆಲವರ ಮಕ್ಕಳು ಬಿ.ಎಡ್. ಓದುತ್ತಿದ್ದಾರೆ. ಯಾದಗಿರಿ, ಶಹಾಪುರ, ಸುರಪುರ ಕಡೆಯ ಇಂತಹ ಪ್ರಶಿಕ್ಷಣಾರ್ಥಿಗಳು ಆಗಾಗ ನನ್ನ ಬಳಿ ಒಂದು ದತ್ತಕಾರ್ಯವನ್ನು ಹಿಡಿದು ಬರುವುದುಂಟು. ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ಎರಡು ಕಲಿಕಾ ಸಿದ್ಧಾಂತಗಳನ್ನು ತರಗತಿಯ ಉದಾಹರಣೆಗಳೊಂದಿಗೆ ಹೋಲಿಸಿರಿ." ಪ್ರಶ್ನೆ ಚೆನ್ನಾಗಿದೆ. ನನ್ನ ಜಗಳವಿರುವುದು ಅದಕ್ಕೆ ಬರೆಯುವ ಉತ್ತರದೊಂದಿಗೆ, ಆ ಉತ್ತರಕ್ಕೆ ಕಣ್ಣು ಮುಚ್ಚಿ ಅಂಕ ಕೊಡುವ ಪದ್ಧತಿಯೊಂದಿಗೆ.

ಉತ್ತರವೆಂದರೆ ಒಂದು ಕೋಷ್ಟಕ. ಎಡಗಡೆ ಥಾರ್ನ್‌ಡೈಕನ ಪ್ರಯತ್ನ-ಪ್ರಮಾದ ಕಲಿಕೆ, ಬಲಗಡೆ ಕೋಹ್ಲರನ ಒಳನೋಟ ಕಲಿಕೆ. ಎಡಗಡೆ ಪೆಟ್ಟಿಗೆಯೊಳಗಿನ ಹಸಿದ ಬೆಕ್ಕು, ಬಲಗಡೆ ಎರಡು ಕೋಲು ಜೋಡಿಸಿ ಹಣ್ಣನ್ನು ಎಳೆದುಕೊಂಡ ಸುಲ್ತಾನನೆಂಬ ಚಿಂಪಾಂಜಿ. ಒಂದು ಯಾಂತ್ರಿಕ, ಇನ್ನೊಂದು ಬೌದ್ಧಿಕ. ಒಂದು ನಿಧಾನ, ಇನ್ನೊಂದು ಹಠಾತ್ತು. ಕೊನೆಗೆ "ಎರಡೂ ಸಿದ್ಧಾಂತಗಳು ಶಿಕ್ಷಕರಿಗೆ ಉಪಯುಕ್ತವಾಗಿವೆ" ಎಂಬ ಮಂಗಳವಾಕ್ಯ. ನಾನು ಬಿ.ಎಡ್. ಮಾಡಿದ ಕಾಲಕ್ಕೆ ಅದು ಒಂದು ವರ್ಷದ ಕೋರ್ಸು; ಯಾದಗಿರಿ ಇನ್ನೂ ಗುಲಬರ್ಗಾ ಜಿಲ್ಲೆಯ ಒಂದು ತಾಲ್ಲೂಕು. 2009ರ ಕೊನೆಯಲ್ಲಿ ಅದು ಜಿಲ್ಲೆಯಾಯಿತು, 2015ರಲ್ಲಿ ಬಿ.ಎಡ್. ಎರಡು ವರ್ಷದ್ದಾಯಿತು. ಕೋಷ್ಟಕ ಮಾತ್ರ ಒಂದು ಗೆರೆಯೂ ಅಲುಗಾಡಲಿಲ್ಲ. ತರಗತಿಯ ಉದಾಹರಣೆ ಎಂದು ಕೇಳಿದಲ್ಲಿ ಬೆಕ್ಕು ಕೋತಿಗಳೇ ಬಂದು ಕುಳಿತಿವೆ. ಬೆಕ್ಕನ್ನು ಕೂಡಿ ಹಾಕಿದ್ದು 1898ಕ್ಕೂ ಮೊದಲು ಅಮೆರಿಕದಲ್ಲಿ. ಚಿಂಪಾಂಜಿಗಳನ್ನು ನೋಡಿದ್ದು 1913ರಿಂದೀಚೆಗೆ ಟೆನೆರಿಫ್ ದ್ವೀಪದಲ್ಲಿ. ಇವೆರಡರಲ್ಲಿ ನಮ್ಮ ಸುರಪುರದ ಮಗು ಎಲ್ಲಿದೆ?

ಕೋಷ್ಟಕದಲ್ಲಿರುವುದು ಹಳತಾದರೂ ನಿಜವೇ ಅಲ್ಲವೇ ಎಂದು ನೀವು ಕೇಳಬಹುದು. ಪೂರ್ತಿ ನಿಜವೂ ಅಲ್ಲ. ಎಡಗಡೆಯ ಅಂಕಣದಲ್ಲಿ ಸಿದ್ಧತಾ ನಿಯಮ, ಅಭ್ಯಾಸ ನಿಯಮ, ಪರಿಣಾಮ ನಿಯಮ ಎಂದು ಮೂರು ಸಾಲುಗಳಿರುತ್ತವೆ. ಅಭ್ಯಾಸ ನಿಯಮದ ಮುಂದೆ "ಪುನರಾವರ್ತನೆಯಿಂದ ಕಲಿಕೆ ದೃಢವಾಗುತ್ತದೆ" ಎಂದು ಬರೆದಿರುತ್ತಾರೆ. ಆದರೆ 1930ರ ಸುಮಾರಿಗೆ ಸ್ವತಃ ಥಾರ್ನ್‌ಡೈಕನೇ ಈ ನಿಯಮವನ್ನು ಅದೇ ರೂಪದಲ್ಲಿ ಒಪ್ಪುವುದನ್ನು ಬಿಟ್ಟುಕೊಟ್ಟಿದ್ದ. ಕಣ್ಣು ಕಟ್ಟಿಸಿಕೊಂಡವರಿಂದ ಗೊತ್ತಾದ ಅಳತೆಯ ಗೆರೆಯನ್ನು ಮತ್ತೆ ಮತ್ತೆ ಎಳೆಯಿಸಿ, ಸರಿಯೋ ತಪ್ಪೋ ಎಂಬುದನ್ನು ಹೇಳದೆ ಬಿಟ್ಟ. ಎಷ್ಟು ಸಲ ಎಳೆದರೂ ಗೆರೆ ಸುಧಾರಿಸಲಿಲ್ಲ. ಬರಿಯ ಪುನರಾವರ್ತನೆ ಏನನ್ನೂ ಕಲಿಸದು, ಮಾಡಿದ್ದರ ಫಲಿತಾಂಶ ಮಾಡಿದವನಿಗೆ ತಿಳಿಯಬೇಕು ಎಂದು ಅವನು ಕಂಡುಕೊಂಡ. ಶಿಕ್ಷೆಯ ಬಗೆಗೂ ಅಷ್ಟೆ: ಬಹುಮಾನ ಒಂದು ಸಂಬಂಧವನ್ನು ಬಲಪಡಿಸುವಷ್ಟು ನೇರವಾಗಿ ಶಿಕ್ಷೆ ಅದನ್ನು ದುರ್ಬಲಗೊಳಿಸದು ಎಂದು ಪರಿಣಾಮ ನಿಯಮವನ್ನೂ ತಿದ್ದಿಕೊಂಡ.

ಇದು ಪಾಂಡಿತ್ಯದ ಸಣ್ಣ ವಿವರವಲ್ಲ. ಹಳೆಯ ನಿಯಮವನ್ನು ಬರೆದು ಪಾಸಾದವನೇ ಮುಂದೆ ಶಾಲೆಗೆ ಬಂದು "ಹತ್ತು ಸಲ ಬರೆದುಕೊಂಡು ಬಾ" ಎನ್ನುತ್ತಾನೆ. ವಹಿ ತಿದ್ದುವುದು ಮುಂದಿನ ವಾರ. ತಪ್ಪನ್ನೇ ಹತ್ತು ಸಲ ಬರೆದ ಮಗು ಆ ಒಂದು ವಾರ ಕಣ್ಣು ಕಟ್ಟಿಕೊಂಡು ಗೆರೆ ಎಳೆಯುವವನ ಸ್ಥಿತಿಯಲ್ಲಿರುತ್ತದೆ. ಅವನು ಇದನ್ನು ಮಾಡುವುದು ಥಾರ್ನ್‌ಡೈಕನ ಹೆಸರಿನಲ್ಲಿ, ಥಾರ್ನ್‌ಡೈಕ್ ಮಾಡಬೇಡವೆಂದ ಮೇಲೂ.

ಹಾಗಾದರೆ ನಿಜವಾದ ತರಗತಿಯ ಉದಾಹರಣೆ ಹೇಗಿರಬೇಕು? ನಾನು ಎಷ್ಟೋ ವರ್ಷ ಎಂಟನೆಯ ತರಗತಿಯಲ್ಲಿ ಕಂಡ ಒಂದು ತಪ್ಪನ್ನೇ ತೆಗೆದುಕೊಳ್ಳುತ್ತೇನೆ.

ಮಕ್ಕಳು ಕೆಳಗಿನ ತರಗತಿಯಿಂದ ಬರುವಾಗಲೇ "ಸಮಾಂತರ ಚತುರ್ಭುಜದ ವಿಸ್ತೀರ್ಣ = ಪಾದ × ಎತ್ತರ" ಎಂದು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಪಾದ 8 ಸೆಂ.ಮೀ., ಎತ್ತರ 4 ಸೆಂ.ಮೀ. ಎಂದು ಕೊಟ್ಟರೆ ಇಡೀ ತರಗತಿ 32 ಎನ್ನುತ್ತದೆ. ಈಗ ಅದೇ ಆಕೃತಿಗೆ ಓರೆಯಾದ ಬಾಹುವಿನ ಉದ್ದ 5 ಎಂದೂ ಬರೆದು, ಮೂರು ಸಂಖ್ಯೆಗಳನ್ನು ಕೊಡಿ. ಕೆಲವರು ಎಂಟೈದಲೆ ನಲವತ್ತು ಎನ್ನುತ್ತಾರೆ. ಒಬ್ಬಿಬ್ಬರು ಮೂರನ್ನೂ ಗುಣಿಸಿ 160 ಎನ್ನುತ್ತಾರೆ.

ಕೋಷ್ಟಕ ಬರೆದವನು ಇಲ್ಲಿ "ಅಭ್ಯಾಸ ಸಾಲದು" ಎಂದು ಮುಂದೆ ಹೋಗುತ್ತಾನೆ. ಥಾರ್ನ್‌ಡೈಕನನ್ನು ನಿಜವಾಗಿ ಓದಿದವನು ಹಾಗೆ ಹೇಳಲಾರ. ಮಕ್ಕಳಿಗೆ ಅಭ್ಯಾಸ ಬೇಕಾದಷ್ಟು ಆಗಿದೆ. ಆದರೆ ಆಗಿರುವುದು ಬೇರೆಯದರ ಅಭ್ಯಾಸ. ಅವರು ಮಾಡಿದ ಪ್ರತಿ ಲೆಕ್ಕದಲ್ಲೂ ಎರಡೇ ಸಂಖ್ಯೆಗಳಿದ್ದವು, ಎರಡನ್ನೂ ಗುಣಿಸಿದಾಗಲೆಲ್ಲ "ಶಾಬಾಸ್" ಸಿಕ್ಕಿತ್ತು. ಬಲಗೊಂಡ ಸಂಬಂಧ "ಪಾದಕ್ಕೂ ಎತ್ತರಕ್ಕೂ" ಇರುವುದಲ್ಲ, "ಕಂಡ ಸಂಖ್ಯೆಗೂ ಗುಣಾಕಾರಕ್ಕೂ" ಇರುವುದು. ಆದ್ದರಿಂದ ಅವನ ಮದ್ದೂ ಸ್ಪಷ್ಟ: ಬೇಡದ ಸಂಖ್ಯೆ ಇರುವ ಲೆಕ್ಕಗಳನ್ನು ಮೊದಲಿನಿಂದಲೇ ಬೆರೆಸಿ ಕೊಡಬೇಕು, ಸರಿ-ತಪ್ಪನ್ನು ಅಲ್ಲೇ, ಆಗಲೇ ತಿಳಿಸಬೇಕು.

ಇನ್ನೊಂದು ಕಡೆಗೆ ಬನ್ನಿ. ಕೋಹ್ಲರನ ಬಳಗದವನೇ ಆದ ಮ್ಯಾಕ್ಸ್ ವರ್ದೈಮರ್ ಇದೇ ಸಮಾಂತರ ಚತುರ್ಭುಜವನ್ನು ಹಿಡಿದು ಶಾಲೆಯ ಮಕ್ಕಳ ಮುಂದೆ ಕುಳಿತಿದ್ದ. 1945ರಲ್ಲಿ, ಅವನು ತೀರಿಕೊಂಡ ಮೇಲೆ ಪ್ರಕಟವಾದ ಅವನ ಪುಸ್ತಕದಲ್ಲಿ ಇದರ ವಿವರವಿದೆ. ಒಳನೋಟಕ್ಕೆ ಶಾಲೆಯ ಕೋಣೆಯ ಉದಾಹರಣೆ ಹೀಗೆ ಸಿದ್ಧವಾಗಿರುವಾಗ ನಮ್ಮವರು ಕೋತಿಯ ಹಿಂದೆ ಏಕೆ ಹೋಗುತ್ತಾರೋ ನನಗೆ ತಿಳಿಯದು. ಅವನ ಮಾತಿನ ಸಾರ ಇಷ್ಟು: ಈ ಆಕೃತಿಯಲ್ಲಿ ಒಂದು ಪಕ್ಕಕ್ಕೆ ಹೊರಚಾಚಿದ ತುಂಡು ಇನ್ನೊಂದು ಪಕ್ಕದಲ್ಲಿ ಕೊರತೆಯಾದ ತುಂಡಿಗೆ ಸರಿಸಮ. ಅದು ಕಂಡವನಿಗೆ ಸೂತ್ರದ ಅರ್ಥ ತಿಳಿದಂತೆ, ಕಾಣದವನಿಗೆ ಅದು ಮಂತ್ರ. ನಮ್ಮ ಆಕೃತಿಯಲ್ಲಿ ಕತ್ತರಿ ಹಿಡಿದು ಎಡತುದಿಯಿಂದ 3 ಸೆಂ.ಮೀ. ಒಳಗೆ ಲಂಬವಾಗಿ ಕತ್ತರಿಸಿದರೆ ಸಿಗುವ ತ್ರಿಭುಜವನ್ನು ಬಲಗಡೆಗೆ ಒಯ್ದು ಇಡಬಹುದು. ಆಗ 8 ಮತ್ತು 4ರ ಆಯತ. 5 ಎಂಬುದು ಆಯತದೊಳಗಿನ ಜೋಡಣೆಯ ಗೆರೆಯಾಗಿ ಹೋಯಿತು. ಅದರಿಂದ ಗುಣಿಸಬೇಕೆಂದು ಯಾವ ಮಗುವಿಗೂ ಅನಿಸದು.

ಇಲ್ಲಿಯವರೆಗೆ ಎರಡೂ ಸಿದ್ಧಾಂತಗಳು ತಂತಮ್ಮ ದಾರಿಯಲ್ಲಿ 32ಕ್ಕೇ ಬಂದು ಮುಟ್ಟಿದವು. ಹೋಲಿಕೆ ಇನ್ನೂ ಆರಂಭವಾಗಿಲ್ಲ. ಎರಡೂ ಬೇರೆ ಬೇರೆ ಭವಿಷ್ಯ ನುಡಿಯುವ ಜಾಗ ಬೇಕು. ಅದಕ್ಕಾಗಿ ನಾನು ಎರಡನೆಯ ಆಕೃತಿಯೊಂದನ್ನು ಕೊಡುತ್ತಿದ್ದೆ: ಪಾದ 4, ಎತ್ತರ 8, ಓರೆ ಬಾಹು 10. ಇದು ಎಷ್ಟು ವಾಲಿದೆಯೆಂದರೆ ಮೇಲಿನ ಮೂಲೆಯಿಂದ ಇಳಿಸಿದ ಲಂಬ ಪಾದದ ಮೇಲೆ ಬೀಳುವುದೇ ಇಲ್ಲ, ಆಚೆಗೆ ಬೀಳುತ್ತದೆ. ಸೂತ್ರ ಗೊತ್ತಿದ್ದರೆ ಉತ್ತರ 32 ಎಂದು ಯಾರಾದರೂ ಹೇಳಿಯಾರು. "ಕತ್ತರಿಸಿ ತೋರಿಸು" ಎಂದರೆ?

ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಲ್ಲೇ ಹೇಳಿದ್ದರು: ಹಳೆಯ ಕಲಿಕೆ ಹೊಸದಕ್ಕೆ ಒದಗುವುದು ಎರಡರಲ್ಲೂ ಸಮಾನವಾದ ಅಂಶಗಳಿದ್ದಷ್ಟು ಮಾತ್ರ. ಹಾಗಿದ್ದರೆ ಲಂಬ ಒಳಗೆ ಬೀಳುವ ಆಕೃತಿಯನ್ನಷ್ಟೇ ಕತ್ತರಿಸಿ ರೂಢಿಯಾದವನು ಇಲ್ಲಿ ನಿಲ್ಲಬೇಕು. ನಿಂತರು. "ಕಾಲು ಹೊರಗ ಬೀಳ್ತದ್ರಿ ಸರ್, ಇಂಥಾದ್ದು ನೀವು ಹೇಳೇ ಇಲ್ಲ" ಎಂದವರೇ ಹೆಚ್ಚು. ಕತ್ತರಿಯಿಂದಲೇ ಕಲಿತವರೂ ಅವರಲ್ಲಿದ್ದರು. ಕತ್ತರಿಸುವುದೂ ಒಂದು ಬಾಯಿಪಾಠವಾಗಬಲ್ಲುದೆಂಬುದನ್ನು ಗಮನಿಸಿ. ಆದರೆ ಒಬ್ಬ ಹುಡುಗಿ, ಹತ್ತಿ ಬಿಡಿಸುವ ದಿನಗಳಲ್ಲಿ ವಾರಗಟ್ಟಲೆ ಶಾಲೆ ತಪ್ಪಿಸಿದವಳು, ಕಾಗದವನ್ನು ಅಡ್ಡಲಾಗಿ ನಡುವೆ ಕತ್ತರಿಸಿದಳು. ಈಗ ಎರಡು ಸಣ್ಣ ಚತುರ್ಭುಜಗಳು, ಒಂದೊಂದಕ್ಕೂ ಪಾದ 4, ಎತ್ತರ 4. ಲಂಬ ಒಳಗೇ ಬೀಳುತ್ತದೆ. ಒಂದೊಂದನ್ನೂ ಚೌಕ ಮಾಡಿದಳು. ಹದಿನಾರು, ಹದಿನಾರು, ಮೂವತ್ತೆರಡು. ಇನ್ನೊಬ್ಬ ಆಕೃತಿಯನ್ನೇ ಹೊರಳಿಸಿ 10 ಸೆಂ.ಮೀ. ಬಾಹುವಿನ ಮೇಲೆ ನಿಲ್ಲಿಸಿ, ಎತ್ತರವನ್ನು ಅಳೆದು 3.2 ಎಂದ. ಹತ್ತರಿಂದ ಗುಣಿಸಿದರೆ ಮತ್ತೆ 32. ಇವರಿಬ್ಬರಿಗೂ ಇದನ್ನು ಯಾರೂ ಮಾಡಿ ತೋರಿಸಿರಲಿಲ್ಲ. ಇದನ್ನು ವರ್ದೈಮರ್ ವಿವರಿಸಿದಷ್ಟು ಸಲೀಸಾಗಿ ಥಾರ್ನ್‌ಡೈಕ್ ವಿವರಿಸಲಾರ.

ಹಾಗೆಂದು ಬಲಗಡೆಯ ಅಂಕಣವೇ ಗೆದ್ದಿತೆನ್ನಬೇಡಿ. ಅಷ್ಟು ಚೆನ್ನಾಗಿ ಕತ್ತರಿಸಿದ ಮಗು ಎಂಟು ನಾಲ್ಕಲೆ ಮೂವತ್ತಾರು ಎಂದು ಬರೆದದ್ದೂ ಉಂಟು. ಮಗ್ಗಿಗೆ ಒಳನೋಟ ಸಾಲದು. ಪ್ರತಿ ಸಲವೂ ಎಂಟನ್ನು ನಾಲ್ಕು ಬಾರಿ ಕೂಡುತ್ತ ಕುಳಿತರೆ ಲೆಕ್ಕದ ದಾರಿಯೇ ಮರೆತುಹೋಗುತ್ತದೆ. ಅಲ್ಲಿ ಬೇಕಾದುದು ಥಾರ್ನ್‌ಡೈಕನ ಬಲವಾದ ಸಂಬಂಧವೇ. ಇನ್ನು ಒಳನೋಟ "ಹಠಾತ್ತು" ಎಂಬ ಮಾತು. 1945ರಲ್ಲಿ ಬರ್ಚ್ ಎಂಬಾತ ಕೋಲುಗಳನ್ನು ಹೆಚ್ಚು ಬಳಸಿ ಗೊತ್ತಿಲ್ಲದ ಎಳೆಯ ಚಿಂಪಾಂಜಿಗಳ ಮುಂದೆ ಕೋಲಿನಿಂದ ಆಹಾರ ಎಳೆದುಕೊಳ್ಳುವ ಸಮಸ್ಯೆಯನ್ನು ಇಟ್ಟ, ಬಹುಪಾಲು ಸೋತವು. ಮೂರು ದಿನ ಕೋಲುಗಳೊಂದಿಗೆ ಆಡಿಕೊಂಡಿರಲು ಬಿಟ್ಟ ಮೇಲೆ ಅವೇ ಪ್ರಾಣಿಗಳು ಬೇಗನೆ ಬಿಡಿಸಿದವು. ಕೋಷ್ಟಕದ ನಡುವೆ ಎಳೆದ ಗೆರೆಯನ್ನು ಈ ಪ್ರಯೋಗವೊಂದೇ ಅಳಿಸುತ್ತದೆ: ಹಠಾತ್ತಾಗಿ ಕಾಣುವ ಒಳನೋಟದ ಹಿಂದೆ ಕೈಯಾಡಿಸಿದ ಅನುಭವವಿರುತ್ತದೆ. ಕಾಗದ, ಕತ್ತರಿ ಮುಟ್ಟದ ತರಗತಿಯಲ್ಲಿ ಒಳನೋಟಕ್ಕಾಗಿ ಕಾಯುವ ಶಿಕ್ಷಕನು ಕೋಲು ಕಾಣದ ಚಿಂಪಾಂಜಿಯಿಂದ ಜಾಣತನ ಬಯಸಿದಂತಾಯಿತು.

ಈಗ ಉಪನ್ಯಾಸಕ ಮಿತ್ರರ ಆಕ್ಷೇಪಣೆ ನನಗೆ ಕೇಳಿಸುತ್ತಿದೆ: "ನೂರು ದತ್ತಕಾರ್ಯಗಳನ್ನು ತಿದ್ದಬೇಕು, ಆಂತರಿಕ ಅಂಕ ಕಳಿಸಬೇಕು; ಕೋಷ್ಟಕವಾದರೆ ಒಂದೇ ನೋಟಕ್ಕೆ ಅಂಕ ಹಾಕಬಹುದು." ನಿಜ, ಹಾಕಬಹುದು. ನೂರೂ ಒಂದೇ ಆಗಿರುವುದರಿಂದ ನೋಡದೆಯೂ ಹಾಕಬಹುದು. ನಾನು ಕೇಳುವ ಉತ್ತರ ಕೋಷ್ಟಕಕ್ಕಿಂತ ಉದ್ದವಲ್ಲ, ಎರಡು ಪುಟ. ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಒಂದು ಮಗು ಮಾಡಿದ ಒಂದು ತಪ್ಪನ್ನು ಮಗು ಬರೆದಂತೆಯೇ ಬರೆಯಲಿ. ಆ ತಪ್ಪು ಏಕೆ ಬಂತೆಂದು ಎರಡೂ ಸಿದ್ಧಾಂತಗಳಿಂದ ಹೇಳಲಿ. ಎರಡೂ ಬೇರೆ ಬೇರೆ ಫಲ ನುಡಿಯುವ ಒಂದು ಹೊಸ ಲೆಕ್ಕ, ಇಲ್ಲವೇ ಒಂದು ಹೊಸ ವಾಕ್ಯವನ್ನು ಅದೇ ಮಗುವಿಗೆ ಕೊಟ್ಟು, ಆದದ್ದನ್ನು ಬರೆಯಲಿ. ಯಾವ ಸಿದ್ಧಾಂತ ಎಲ್ಲಿ ಸೋತಿತೆಂದು ಒಂದು ಸಾಲು ಸೇರಿಸಲಿ. ಇದನ್ನು ಹಿರಿಯ ವಿದ್ಯಾರ್ಥಿಯ ವಹಿಯಿಂದ ನಕಲು ಮಾಡುವುದು ಸುಲಭವಲ್ಲ. ಮಾಡಿದರೂ "ಆ ಮಗು ಎರಡನೆಯ ಆಕೃತಿಯನ್ನು ಎಲ್ಲಿ ಕತ್ತರಿಸಿತು, ಹೇಳು" ಎಂಬ ಒಂದೇ ಪ್ರಶ್ನೆಗೆ ನಕಲು ಸಿಕ್ಕಿಬೀಳುತ್ತದೆ.

ಶಿಕ್ಷಕರಾಗಿರುವ ನನ್ನ ಶಿಷ್ಯರಿಗೆ ಒಂದು ಕೋರಿಕೆ. ಪ್ರಶಿಕ್ಷಣಾರ್ಥಿಗಳು ನಿಮ್ಮ ಶಾಲೆಗೆ ಬಂದಾಗ ಅವರ ಪಾಠಯೋಜನೆಗೆ ಸಹಿ ಹಾಕುವ ಮೊದಲು, ಮಕ್ಕಳ ವಹಿಗಳ ಒಂದು ಕಟ್ಟನ್ನು ಅವರ ಮುಂದಿಡಿ. 32ರ ಬದಲು 40 ಬರೆದ ವಹಿಯನ್ನು ಅವರೇ ಹುಡುಕಿ ತೆಗೆಯಲಿ.