ಬಾಡಿಗೆ ಭತ್ಯಕ್ಕೆ ಮೂರು ಅಳತೆಗೋಲು

ತಿಂಗಳ ಸಂಬಳದ ಚೀಟಿಯಲ್ಲಿ ಮೂಲವೇತನ, ತುಟ್ಟಿ ಭತ್ಯಗಳ ಕೆಳಗೆ ‘ಮನೆ ಬಾಡಿಗೆ ಭತ್ಯ’ ಎಂಬ ಒಂದು ಸಾಲು ಇರುತ್ತದೆ. ಈ ಭತ್ಯಕ್ಕೆ ವರಮಾನ ತೆರಿಗೆಯಲ್ಲಿ ವಿನಾಯಿತಿ ಉಂಟೆಂಬುದು ಬಾಡಿಗೆ ಮನೆಯಲ್ಲಿರುವ ಎಲ್ಲ ನೌಕರರಿಗೂ ತಿಳಿದ ಮಾತು. ಎಷ್ಟು ಉಂಟೆಂಬುದು ಮಾತ್ರ ಬಹುಮಂದಿಗೆ ತಿಳಿಯದು. ಬಂದ ಭತ್ಯವೆಲ್ಲವೂ ತೆರಿಗೆಯಿಂದ ಮುಕ್ತವೆಂದು ಕೆಲವರು ನಂಬಿರುತ್ತಾರೆ. ಮನೆಯ ಯಜಮಾನನಿಗೆ ಕೊಟ್ಟ ಬಾಡಿಗೆಯಷ್ಟೂ ಮುಕ್ತವೆಂದು ಮತ್ತೆ ಕೆಲವರು ಎಣಿಸಿರುತ್ತಾರೆ. ವರ್ಷದ ಕೊನೆಗೆ ಕಚೇರಿಯ ಲೆಕ್ಕಿಗನು ಸಂಬಳದಲ್ಲಿ ತೆರಿಗೆ ಹಿಡಿದಾಗ ಇಬ್ಬರೂ ಅಚ್ಚರಿಪಡುತ್ತಾರೆ.

ಭತ್ಯದ ಒಂದು ಪಾಲಿಗೆ ಮಾತ್ರ ವಿನಾಯಿತಿ ಏಕೆ ಎಂಬುದನ್ನು ತಿಳಿದರೆ ಲೆಕ್ಕವು ತಾನಾಗಿಯೇ ತಿಳಿಯುತ್ತದೆ. ತಲೆಯ ಮೇಲೊಂದು ಸೂರು ಎಲ್ಲರಿಗೂ ಬೇಕು. ಅದಕ್ಕಾಗಿ ಪ್ರತಿಯೊಬ್ಬ ಸಂಸಾರಿಯೂ ತನ್ನ ಗಳಿಕೆಯಲ್ಲಿ ಸ್ವಲ್ಪವನ್ನು ವೆಚ್ಚ ಮಾಡಲೇಬೇಕು. ಅಷ್ಟರ ಮಟ್ಟಿಗೆ ಅದು ಅಕ್ಕಿ ಬೇಳೆಗಳ ಖರ್ಚಿನಂತೆ ಅವನ ಸ್ವಂತದ ಖರ್ಚು. ಆ ಸ್ವಂತದ ಪಾಲು ಸಂಬಳದ ಹತ್ತರಲ್ಲೊಂದು ಎಂದು ನಿಯಮವು ಗೊತ್ತುಮಾಡಿದೆ. ಬಾಡಿಗೆಯು ಆ ಹತ್ತರಲ್ಲೊಂದು ಪಾಲನ್ನು ಮೀರಿದಾಗ, ಮೀರಿದ ಭಾರವನ್ನು ಇಳಿಸುವುದಕ್ಕಾಗಿ ಬಂದ ಹಣಕ್ಕೆ ಮಾತ್ರ ವಿನಾಯಿತಿ. ಉಳಿದ ಭತ್ಯವು ಹೆಸರಿಗೆ ಭತ್ಯವಾದರೂ ಗುಣದಲ್ಲಿ ಸಂಬಳವೇ ಆದುದರಿಂದ ಅದಕ್ಕೆ ಸಂಬಳದಂತೆಯೇ ತೆರಿಗೆ ಬೀಳುತ್ತದೆ.

1961ರ ವರಮಾನ ತೆರಿಗೆ ಕಾಯಿದೆಯ 10(13ಎ) ಪ್ರಕರಣವೂ 1962ರ ನಿಯಮಗಳಲ್ಲಿನ 2ಎ ನಿಯಮವೂ ಇದಕ್ಕಾಗಿ ಮೂರು ಅಳತೆಗೋಲುಗಳನ್ನು ಇಟ್ಟವು. ಮೊದಲನೆಯದು, ನೌಕರನಿಗೆ ನಿಜವಾಗಿ ಬಂದ ಭತ್ಯ. ಎರಡನೆಯದು, ಅವನು ಕೊಟ್ಟ ಬಾಡಿಗೆಯಲ್ಲಿ ಸಂಬಳದ ಹತ್ತರಲ್ಲೊಂದು ಪಾಲನ್ನು ಕಳೆದು ಉಳಿದದ್ದು. ಮೂರನೆಯದು ಊರನ್ನು ಅವಲಂಬಿಸಿದ್ದು: ಮುಂಬಯಿ, ಕೋಲ್ಕತ್ತ, ದೆಹಲಿ, ಚೆನ್ನೈ ಈ ನಾಲ್ಕು ನಗರಗಳಲ್ಲಿ ಮನೆಯಿದ್ದರೆ ಸಂಬಳದ ಅರ್ಧ, ಬೇರೆಲ್ಲಿದ್ದರೂ ನೂರಕ್ಕೆ ನಲವತ್ತು. ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ವಿನಾಯಿತಿ.

ಇಲ್ಲಿ ಸಂಬಳವೆಂದರೆ ಕೈಗೆ ಬರುವ ಮೊತ್ತವೆಲ್ಲ ಅಲ್ಲ. ಮೂಲವೇತನ ಮತ್ತು ನಿವೃತ್ತಿಯ ಸೌಲಭ್ಯಗಳ ಲೆಕ್ಕಕ್ಕೆ ಸೇರುವ ತುಟ್ಟಿ ಭತ್ಯ, ಇವೆರಡನ್ನೇ ಸಾಮಾನ್ಯವಾಗಿ ಹಿಡಿಯಬೇಕು. ಖಾಸಗಿ ಕಂಪನಿಗಳು ‘ವಿಶೇಷ ಭತ್ಯ’ ಎಂದು ಕೊಡುವ ಹಣ ಈ ಸಂಬಳದಲ್ಲಿ ಸೇರದು.

ಒಂದು ಸಂಸಾರದ ಲೆಕ್ಕವನ್ನು ಉದಾಹರಣೆಗಾಗಿ ನೋಡಬಹುದು. ಬೆಂಗಳೂರಿನ ಬಸವನಗುಡಿಯಲ್ಲಿ ರಾಯರೊಬ್ಬರು ಹೆಂಡತಿ ಮಕ್ಕಳೊಡನೆ ಬಾಡಿಗೆ ಮನೆಯಲ್ಲಿದ್ದಾರೆಂದು ಭಾವಿಸಿರಿ. ವರ್ಷ 2024-25. ಮೂಲವೇತನವೂ ತುಟ್ಟಿ ಭತ್ಯವೂ ಸೇರಿ ಅವರ ತಿಂಗಳ ಸಂಬಳ 60,000 ರೂಪಾಯಿ. ಮನೆ ಬಾಡಿಗೆ ಭತ್ಯ 20,000. ಅವರು ಕೊಡುವ ಬಾಡಿಗೆ 18,000. ಮೊದಲನೆಯ ಅಳತೆಗೋಲಿನಂತೆ 20,000. ಎರಡನೆಯದರಂತೆ, 18,000ದಲ್ಲಿ ಸಂಬಳದ ಹತ್ತರಲ್ಲೊಂದಾದ 6,000 ಕಳೆದು 12,000. ಮೂರನೆಯದರಂತೆ, 60,000ಕ್ಕೆ ನೂರಕ್ಕೆ ನಲವತ್ತರ ದರದಲ್ಲಿ 24,000. ಕಡಿಮೆಯಾದುದು 12,000. ಆದುದರಿಂದ ತಿಂಗಳಿಗೆ 12,000 ಮುಕ್ತ; ಉಳಿದ 8,000 ರೂಪಾಯಿಗೆ ತೆರಿಗೆ. ವರ್ಷಕ್ಕೆ 1,44,000 ರೂಪಾಯಿ ವಿನಾಯಿತಿ ದೊರೆತಂತಾಯಿತು. ಹಳೆಯ ತೆರಿಗೆ ಪದ್ಧತಿಯಲ್ಲಿ ನೂರಕ್ಕೆ ಇಪ್ಪತ್ತರ ದರಕ್ಕೆ ಸೇರಿದ ರಾಯರಿಗೆ, ಮೇಲ್ತೆರಿಗೆಯೂ ಸೇರಿ, ಇದರಿಂದ ಉಳಿಯುವುದು 29,952 ರೂಪಾಯಿ. ಇದು ಒಂದು ತಿಂಗಳ ಬಾಡಿಗೆಗಿಂತಲೂ ಹೆಚ್ಚು.

ಬೆಂಗಳೂರಿನವರಿಗೆ ಬಹುಕಾಲದಿಂದ ಒಂದು ಕೊರಗುಂಟು. ಚೆನ್ನೈಯಲ್ಲಿರುವವನಿಗೆ ಸಂಬಳದ ಅರ್ಧ, ತಮಗೆ ನೂರಕ್ಕೆ ನಲವತ್ತೇ ಏಕೆ ಎಂಬುದು ಅದು. ಬಾಡಿಗೆಯಲ್ಲಿ ಬೆಂಗಳೂರು ಯಾರಿಗೂ ಹಿಂದೆ ಬಿದ್ದಿಲ್ಲವಾದುದರಿಂದ ಕೊರಗು ನ್ಯಾಯವಾದುದೇ. ಆದರೆ ರಾಯರಿಗೆ ಇದರಿಂದ ಎಷ್ಟು ನಷ್ಟವಾಯಿತು? ಅವರನ್ನು ಇದೇ ಸಂಬಳ, ಇದೇ ಭತ್ಯ, ಇದೇ ಬಾಡಿಗೆಯೊಡನೆ ಚೆನ್ನೈಯ ಮೈಲಾಪುರಕ್ಕೆ ಕಳುಹಿಸಿದರೆ ಮೂರನೆಯ ಅಳತೆಗೋಲು 24,000ದಿಂದ 30,000ಕ್ಕೆ ಏರುತ್ತದೆ. ಆದರೆ ಎರಡನೆಯದು 12,000ದಲ್ಲೇ ನಿಂತಿರುವುದರಿಂದ ವಿನಾಯಿತಿ ಒಂದು ಕಾಸೂ ಹೆಚ್ಚುವುದಿಲ್ಲ.

ಊರಿನ ಅಳತೆಗೋಲು ಕಟ್ಟಿಹಾಕುವುದು ಯಾರನ್ನು? ಬೆಂಗಳೂರಿನಂಥ ಊರಿನಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕೂಡಬೇಕು: ಭತ್ಯವು ಸಂಬಳದ ನೂರಕ್ಕೆ ನಲವತ್ತನ್ನು ಮೀರಿರಬೇಕು, ಬಾಡಿಗೆಯು ಸಂಬಳದ ಅರ್ಧವನ್ನು ಮೀರಿರಬೇಕು. 60,000 ಸಂಬಳದವನಿಗೆ 28,000 ಭತ್ಯ ಬಂದು, ಅವನು 36,000 ಬಾಡಿಗೆ ಕೊಡುತ್ತಿದ್ದರೆ ಆಗ ಬೆಂಗಳೂರಿನಲ್ಲಿ 24,000ಕ್ಕೆ ವಿನಾಯಿತಿ ನಿಲ್ಲುತ್ತದೆ. ಚೆನ್ನೈಯಲ್ಲಾದರೆ 28,000ವೂ ಮುಕ್ತವಾಗುತ್ತದೆ. ಮೂಲವೇತನವನ್ನು ಚಿಕ್ಕದಾಗಿಟ್ಟು ವಿಶೇಷ ಭತ್ಯವನ್ನು ದೊಡ್ಡದಾಗಿ ಕೊಡುವ ಕಂಪನಿಗಳ ನೌಕರರಲ್ಲಿ ಇಂಥವರು ಹೆಚ್ಚು. 2026ರ ಫೆಬ್ರವರಿಯಲ್ಲಿ ಪ್ರಕಟವಾದ ಹೊಸ ನಿಯಮಗಳ ಕರಡಿನಲ್ಲಿ ಬೆಂಗಳೂರು, ಹೈದರಾಬಾದು, ಪುಣೆ, ಅಹಮದಾಬಾದುಗಳನ್ನೂ ಅರ್ಧದ ಪಟ್ಟಿಗೆ ಸೇರಿಸುವ ಪ್ರಸ್ತಾಪವಿತ್ತು. 2025ರ ಹೊಸ ಕಾಯಿದೆಯು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ವಿಧಿಸಿರುವುದರಿಂದ, ಅಲ್ಲಿಂದ ಮುಂದಿನ ವರ್ಷಗಳಿಗೆ ಲೆಕ್ಕ ಹಾಕುವವರು ಆಯಾ ವರ್ಷದ ನಿಯಮದಲ್ಲಿರುವ ನಗರಗಳ ಪಟ್ಟಿಯನ್ನೇ ನೋಡಬೇಕು. ಪಟ್ಟಿ ಹೇಗಿದ್ದರೂ ರಾಯರಂಥವರ ವಿನಾಯಿತಿಯನ್ನು ನಿರ್ಣಯಿಸುವುದು ಅವರ ಬಾಡಿಗೆಯೇ.

ಹೀಗೆ ಬಾಡಿಗೆಯೇ ಮುಖ್ಯವಾದುದರಿಂದ ಕೆಲವು ವಿಚಿತ್ರಗಳೂ ಹುಟ್ಟುತ್ತವೆ. ರಾಯರ ಸಂಬಳ 5,000 ರೂಪಾಯಿ ಹೆಚ್ಚಿ 65,000 ಆಯಿತೆನ್ನಿ, ಬಾಡಿಗೆ ಬದಲಾಗಲಿಲ್ಲ. ಹತ್ತರಲ್ಲೊಂದು ಪಾಲು 6,500 ಆಗಿ, ವಿನಾಯಿತಿ 12,000ದಿಂದ 11,500ಕ್ಕೆ ಇಳಿಯುತ್ತದೆ. ಬಡತಿ ಬಂದ ಸಂತೋಷದಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಬಾಡಿಗೆಯು ಸಂಬಳದ ಹತ್ತರಲ್ಲೊಂದನ್ನು ಮೀರದಿದ್ದರೆ ವಿನಾಯಿತಿಯೇ ಇಲ್ಲ. ಹಳೆಯ ವಠಾರದಲ್ಲಿ 6,000 ರೂಪಾಯಿಗೆ ಮನೆ ಹಿಡಿದು ಮಿತವ್ಯಯದಿಂದ ಬಾಳುವ 60,000 ಸಂಬಳದ ಗೃಹಸ್ಥನಿಗೆ ಬಂದ ಭತ್ಯಕ್ಕೆಲ್ಲ ತೆರಿಗೆಯೇ ಗತಿ.

ವರ್ಷದ ನಡುವೆ ಮನೆ ಬದಲಾಯಿಸುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ರಾಯರು ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ 18,000 ಕೊಟ್ಟು, ಅಕ್ಟೋಬರಿನಿಂದ 30,000ದ ಮನೆಗೆ ಹೋದರೆಂದು ಎಣಿಸಿದರೆ, ಮೊದಲ ಆರು ತಿಂಗಳಿಗೆ ತಿಂಗಳೊಂದಕ್ಕೆ 12,000ದಂತೆ 72,000. ಅನಂತರದ ಆರು ತಿಂಗಳಲ್ಲಿ ಬಾಡಿಗೆಯ ಲೆಕ್ಕ 24,000ಕ್ಕೆ ಹೋದರೂ ಬಂದ ಭತ್ಯ 20,000ವೇ ಆದುದರಿಂದ 1,20,000. ಒಟ್ಟು 1,92,000. ವರ್ಷದ ಬಾಡಿಗೆ, ವರ್ಷದ ಸಂಬಳಗಳನ್ನು ಒಟ್ಟುಗೂಡಿಸಿ ಒಂದೇ ಸಲ ಲೆಕ್ಕ ಹಾಕಿದರೆ 2,16,000 ಬರುತ್ತದೆ; ಅದು ತಪ್ಪು. ಸಂಬಳ, ಭತ್ಯ, ಬಾಡಿಗೆ, ಊರು ಇವುಗಳಲ್ಲಿ ಒಂದು ಬದಲಾದರೂ ಅಲ್ಲಿಂದ ಹೊಸ ಲೆಕ್ಕವನ್ನೇ ಹಿಡಿಯಬೇಕು.

ಇನ್ನು ಬಾಡಿಗೆ ಎಂದರೇನು ಎಂಬ ಪ್ರಶ್ನೆ. ನಮ್ಮ ಊರುಗಳಲ್ಲಿ ಭೋಗ್ಯಕ್ಕೆ ಮನೆ ಹಿಡಿಯುವ ವಾಡಿಕೆಯುಂಟಷ್ಟೆ. ಹತ್ತು ಲಕ್ಷ ರೂಪಾಯಿಯನ್ನು ಒಮ್ಮೆಗೇ ಯಜಮಾನನ ಕೈಗಿತ್ತು, ತಿಂಗಳ ಬಾಡಿಗೆಯಿಲ್ಲದೆ ಮೂರು ವರ್ಷ ವಾಸಮಾಡಿ, ಬಿಡುವಾಗ ಆ ಹಣವನ್ನು ಹಿಂದಕ್ಕೆ ಪಡೆಯುವ ಏರ್ಪಾಡು ಅದು. ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿ ಹೋಯಿತೆಂಬುದು ನಿಜ. ಆದರೆ ಕಾಯಿದೆ ಕೇಳುವುದು ನಿಜವಾಗಿ ತೆತ್ತ ಬಾಡಿಗೆಯನ್ನು. ಭೋಗ್ಯದವನು ಬಾಡಿಗೆ ತೆತ್ತಿಲ್ಲವಾದುದರಿಂದ ಅವನಿಗೆ ವಿನಾಯಿತಿಯಿಲ್ಲ. ಮುಂಗಡವೂ ಬಾಡಿಗೆಯಲ್ಲ. ಸ್ವಂತ ಮನೆಯಲ್ಲೇ ಇರುವವನಿಗಂತೂ ಈ ಮಾತೇ ಅನ್ವಯಿಸದು.

ತಂದೆಯ ಮನೆಯಲ್ಲಿರುವ ಮಗನ ಸಂಗತಿ ಸ್ವಲ್ಪ ಸೂಕ್ಷ್ಮವಾದುದು. ಮನೆ ತಂದೆಯ ಹೆಸರಿನಲ್ಲಿದ್ದು, ಮಗನು ನಿಜವಾಗಿಯೂ ತಿಂಗಳು ತಿಂಗಳೂ ಅವರ ಬ್ಯಾಂಕು ಖಾತೆಗೆ ಬಾಡಿಗೆ ತುಂಬುತ್ತಿದ್ದರೆ ಕಾಯಿದೆಯ ಅಡ್ಡಿಯಿಲ್ಲ. ಆ ಹಣವು ತಂದೆಯ ವರಮಾನವಾಗುತ್ತದೆ. ಅವರು ತಮ್ಮ ಲೆಕ್ಕದಲ್ಲಿ ಅದನ್ನು ತೋರಿಸಬೇಕು. ಹಣ ಕೈಬದಲಾಗದೆ ರಸೀತಿ ಮಾತ್ರ ಬರೆದುಕೊಟ್ಟರೆ ಅದು ಸುಳ್ಳು ಲೆಕ್ಕ. ಹಳೆಯ ಕಾಯಿದೆಯ ನಿಯಮದಂತೆ ವರ್ಷದ ಬಾಡಿಗೆ ಒಂದು ಲಕ್ಷವನ್ನು ಮೀರಿದರೆ ನೌಕರನು ತನ್ನ ಕಚೇರಿಗೆ ಯಜಮಾನನ ಪ್ಯಾನ್ ಸಂಖ್ಯೆಯನ್ನೂ ಕೊಡಬೇಕಾಗಿತ್ತು. ಹಾಗಾಗಿ ಮಗನ ಕಾಗದದಲ್ಲಿರುವ ಬಾಡಿಗೆ ತಂದೆಯ ಕಾಗದದಲ್ಲಿ ಕಾಣದಿದ್ದರೆ ಇಲಾಖೆಗೆ ಗೊತ್ತಾಗುವುದು ಕಷ್ಟವಲ್ಲ.

ಇಷ್ಟೆಲ್ಲ ಲೆಕ್ಕ ಸರಿಯಾದ ಮೇಲೂ ಒಂದು ತಿರುವು ಉಳಿದಿದೆ. ಈ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಉಂಟು. ಹೊಸ ಪದ್ಧತಿಯಲ್ಲಿ ಇಲ್ಲ. 2023-24ರಿಂದ, ನೌಕರನು ಹಳೆಯದು ಬೇಕೆಂದು ತಿಳಿಸದಿದ್ದರೆ ಹೊಸದೇ ಅವನಿಗೆ ಅನ್ವಯಿಸುವಂತಾಯಿತು. 2025-26ಕ್ಕೆ ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗಿನ ತೆರಿಗೆಯ ವರಮಾನಕ್ಕೆ ತೆರಿಗೆಯೇ ಬೀಳದಂತೆ ರಿಯಾಯಿತಿ ದೊರೆಯಿತು. ರಾಯರ ಸಂಬಳವೂ ಭತ್ಯವೂ ಸೇರಿ ವರ್ಷಕ್ಕೆ 9,60,000. ಸಂಬಳದಾರರಿಗೆಲ್ಲ ಸಿಗುವ 75,000 ಕಡಿತ ಕಳೆದರೆ 8,85,000. ಹೊಸ ಪದ್ಧತಿಯಲ್ಲಿ ಅವರು ಆ ವರ್ಷ ತೆರಬೇಕಾದ ತೆರಿಗೆ ಶೂನ್ಯ. ಹಳೆಯದರಲ್ಲಾದರೆ 1,44,000 ವಿನಾಯಿತಿ ಪಡೆದು, ಭವಿಷ್ಯನಿಧಿ, ವಿಮೆಗಳಿಗೆ ಒಂದೂವರೆ ಲಕ್ಷ ಕಟ್ಟಿದ್ದರೂ ತೆರಿಗೆ ತಪ್ಪುತ್ತಿರಲಿಲ್ಲ.

ಆದುದರಿಂದ 2025-26ರ ಲೆಕ್ಕದಲ್ಲಿ ಬಾಡಿಗೆಯ ರಸೀತಿಗಳು ಬೆಲೆಬಾಳುವುದು ರಾಯರಿಗಿಂತ ಹೆಚ್ಚಿನ ವರಮಾನವಿದ್ದು, ಸಂಬಳದ ದೊಡ್ಡ ಪಾಲನ್ನು ಬಾಡಿಗೆಗೆ ತೆತ್ತು, ಬೇರೆ ಕಡಿತಗಳನ್ನೂ ಉಳ್ಳವರಿಗೆ. ಅಂಥವರು ಮೂರು ಅಳತೆಗೋಲುಗಳಿಂದ ವಿನಾಯಿತಿಯನ್ನು ಗೊತ್ತುಮಾಡಿ, ಎರಡು ಪದ್ಧತಿಗಳ ತೆರಿಗೆಯನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ನೋಡಿದ ಮೇಲೆ ಕಚೇರಿಗೆ ತಮ್ಮ ಆಯ್ಕೆಯನ್ನು ತಿಳಿಸುವುದು ಲೇಸು. ಎಲ್ಲರಿಗೂ ಒಂದೇ ಉತ್ತರವಿಲ್ಲ. ಉತ್ತರ ಆ ಹಾಳೆಯಲ್ಲಿದೆ.