ಏಳೋ? ಎಂಟೋ?

ಮೊನ್ನೆ ನಮ್ಮನೆ ನೀರಿನ ಮೀಟರಿನ ಫೋಟೋ ನೋಡಿ ರೀಡಿಂಗ್ 489 ಅಂತ ಬರೆದುಕೊಂಡಿದ್ದರು. ಫೋಟೋದಲ್ಲಿ ಕೊನೆಯ ಕಪ್ಪು ಚಕ್ರ 9 ಮತ್ತು 0 ನಡುವೆ, ಅದರ ಎಡಗಡೆಯದು 7 ಮತ್ತು 8 ನಡುವೆ ನಿಂತಿತ್ತು. ಬಲಗಡೆಯ ಚಕ್ರ 9 ದಾಟಿ 0ಗೆ ಹೊರಳುವಾಗಲೇ ಎಡಗಡೆಯದನ್ನೂ ಜೊತೆಗೆ ಎಳೆಯುತ್ತದೆ. 0 ಪೂರ್ತಿ ಬರುವ ತನಕ ಎರಡರಲ್ಲೂ ಹಿಂದಿನ ಅಂಕಿಯೇ ಲೆಕ್ಕ. ಅಂದರೆ 479. 489 ತಪ್ಪು, 470 ಕೂಡ ತಪ್ಪು.

"ಮುಂದಿನ ತಿಂಗಳು ಸರಿಹೋಗುತ್ತೆ ಬಿಡಿ ಸಾರ್" ಅಂದರು. ಯೂನಿಟ್ ಸರಿಹೋಗುತ್ತೆ, ದುಡ್ಡು ಸರಿಹೋಗಲ್ಲ! ಇಲ್ಲದ 10 ಕಿಲೋಲೀಟರ್ ಈ ತಿಂಗಳು ದುಬಾರಿ ಸ್ಲ್ಯಾಬಿಗೆ ಬೀಳುತ್ತೆ, ಮುಂದಿನ ತಿಂಗಳು ಕಳೆಯೋದು ಅಗ್ಗದ ಸ್ಲ್ಯಾಬಿನಿಂದ. ಅದಕ್ಕೇ ಹೇಳೋದು, ಅಂಕಿ ಅರ್ಧ ತಿರುಗಿದ್ದರೆ ಮೊದಲು ಅದರ ಬಲಗಡೆ ನೋಡಿ, ಆಮೇಲೆ ಬರೆಯಿರಿ.